ಪಿಂಚಣಿ 27,400, ಕಾರ್ಡ್ ಬಾಕಿ 1,10,000: ಮೊದಲು ಯಾವುದನ್ನು ಕಟ್ಟಬೇಕು, ಯಾವುದಕ್ಕೆ ಕೈಹಾಕಬಾರದು

ಸಂತೆಕಟ್ಟೆ ಕಡೆಯ ಮಾಷ್ಟ್ರೊಬ್ಬರು ಒಂದು ಮಧ್ಯಾಹ್ನ ರಬ್ಬರ್ ಬ್ಯಾಂಡ್ ಹಾಕಿದ ಕಾಗದದ ಕಟ್ಟು ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಜೊತೆಗೆ ಅವರ ಹೆಂಡತಿಯೂ ಇದ್ದರು, ಅವರನ್ನು ನಾನು ಅಕ್ಕ ಎನ್ನುತ್ತೇನೆ. ಅನುದಾನಿತ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾದವರು ಮಾಷ್ಟ್ರು. ಕಟ್ಟನ್ನು ಮೇಜಿನ ಮೇಲಿಟ್ಟು, "ತಿಂಗಳು ತಿಂಗಳು ಕಟ್ಟುತ್ತಿದ್ದೇನೆ ಮಾರಾಯ್ರೆ, ಒಂದು ತಿಂಗಳೂ ತಪ್ಪಿಸಲಿಲ್ಲ. ಬಾಕಿ ಮಾತ್ರ ಏರುತ್ತಲೇ ಇದೆ. ಇದು ಎಂತ ಲೆಕ್ಕ?" ಎಂದು ಕೇಳಿದರು.

ನಾನು ಉಡುಪಿ, ಮಂಗಳೂರು, ಕುಂದಾಪುರದ ಶಾಖೆಗಳಲ್ಲಿ ಬ್ಯಾಂಕ್ ಕೆಲಸ ಮಾಡಿ ನಿವೃತ್ತನಾದವನು. ಈಚೆಗೆ ಇಂಥ ಕಟ್ಟು ಹಿಡಿದುಕೊಂಡು ಬರುವ ಪಿಂಚಣಿದಾರರು ಹೆಚ್ಚಾಗಿದ್ದಾರೆ. ಮಾಷ್ಟ್ರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಸ್ವಲ್ಪ ಬದಲಿಸಿ, ಅವರ ಲೆಕ್ಕವನ್ನೇ ಇಲ್ಲಿ ಮೊದಲಿಂದ ಕೊನೆಯವರೆಗೆ ಬಿಡಿಸಿಡುತ್ತೇನೆ. ನಿಮ್ಮ ಅಂಕಿಗಳು ಬೇರೆ ಇರಬಹುದು, ಹೆಜ್ಜೆಗಳು ಇವೇ.

ಮೊದಲು ಪೆನ್ಸಿಲ್ ಹಿಡಿದು ಸ್ಟೇಟ್‌ಮೆಂಟ್ ಓದಿ

ಎರಡು ಕ್ರೆಡಿಟ್ ಕಾರ್ಡುಗಳು. ಒಂದರಲ್ಲಿ 72,000, ಇನ್ನೊಂದರಲ್ಲಿ 38,000 ಬಾಕಿ. ಎರಡು ವರ್ಷದ ಹಿಂದೆ ಹೆಂಡತಿಯ ಮೊಣಕಾಲಿನ ಆಪರೇಷನ್ನಿಗೆ ಆಸ್ಪತ್ರೆಯಲ್ಲಿ ಮುಂಗಡ ಕಟ್ಟಿದ್ದು ಅದರ ಮೂಲ. ಆಮೇಲೆ ಪ್ರತಿ ತಿಂಗಳೂ "ಮಿನಿಮಮ್ ಡ್ಯೂ" ಎಂದು ಬರೆದಿರುವ ಮೊತ್ತವನ್ನು ಮಾಷ್ಟ್ರು ತಪ್ಪದೆ ಕಟ್ಟುತ್ತ ಬಂದಿದ್ದರು.

ಕಳೆದ ಮೂರು ತಿಂಗಳ ಸ್ಟೇಟ್‌ಮೆಂಟನ್ನು ಪ್ರಿಂಟ್ ತೆಗೆಸಿ. ಮೊಬೈಲಿನಲ್ಲಿ ನೋಡಿದರೆ ಒಟ್ಟು ಮೊತ್ತದ ಮೇಲೆಯೇ ಕಣ್ಣು ನಿಲ್ಲುತ್ತದೆ, ಸಾಲುಗಳು ಕಾಣುವುದಿಲ್ಲ. ಪ್ರತಿ ಸಾಲಿನ ಪಕ್ಕದಲ್ಲೂ ಒಂದು ಗುರುತು ಹಾಕಿ: ನೀವು ಕೊಂಡದ್ದು ಯಾವುದು, ಬಡ್ಡಿ ಯಾವುದು, ಬಡ್ಡಿಯ ಮೇಲಿನ ಜಿಎಸ್‌ಟಿ ಯಾವುದು, ಶುಲ್ಕ ಯಾವುದು, ನಿಮಗೆ ಅರ್ಥವೇ ಆಗದ್ದು ಯಾವುದು.

ಮಾಷ್ಟ್ರ ಕಾರ್ಡಿನ ಬಡ್ಡಿ ತಿಂಗಳಿಗೆ ಶೇ. 3.5. ಕೇಳಲಿಕ್ಕೆ ಸಣ್ಣದು, ವರ್ಷಕ್ಕೆ ಅದು ಶೇ. 42. ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ ಸೇರಿದರೆ ತಿಂಗಳಿಗೆ ಶೇ. 4.13 ಆಗುತ್ತದೆ. 1,10,000ಕ್ಕೆ ಒಂದು ತಿಂಗಳಿಗೆ ಸುಮಾರು 4,543 ರೂಪಾಯಿ. ಅವರು ಕಟ್ಟುತ್ತಿದ್ದ ಮಿನಿಮಮ್ ಬಾಕಿಯ ಶೇ. 5, ಅಂದರೆ 5,500. ಹಾಗಾದರೆ ಅಸಲಿಗೆ ಹೋಗುತ್ತಿದ್ದದ್ದು 957 ರೂಪಾಯಿ ಮಾತ್ರ.

957 ಆದರೂ ಇಳಿಯಬೇಕಲ್ಲ, ಏರಿದ್ದು ಹೇಗೆ? ಪೆನ್ಸಿಲ್ ಗುರುತು ಹಾಕುತ್ತ ಹೋದಾಗ ಅದೂ ಸಿಕ್ಕಿತು. ಮಿನಿಮಮ್ ಕಟ್ಟಿ ಕೈ ಖಾಲಿಯಾದ ಮೇಲೆ ಇಬ್ಬರ ಔಷಧಿಯನ್ನು ಅದೇ ಕಾರ್ಡಿನಲ್ಲಿ ತರುತ್ತಿದ್ದರು. ತಿಂಗಳಿಗೆ 4,200. ಕಾರ್ಡಿನಲ್ಲಿ ಕೊಂಡದ್ದಕ್ಕೆ ನಲವತ್ತು, ಐವತ್ತು ದಿನ ಬಡ್ಡಿಯಿಲ್ಲ ಎಂಬುದು ಹಿಂದಿನ ಬಾಕಿಯನ್ನು ಪೂರ್ತಿ ಕಟ್ಟಿದವರಿಗೆ ಮಾತ್ರ ಅನ್ವಯಿಸುವ ಮಾತು. ಬಾಕಿ ಉಳಿಸಿಕೊಂಡವರಿಗೆ ಹೊಸದಾಗಿ ಕೊಂಡ ಮಾತ್ರೆಗೂ ಅಂಗಡಿಯಲ್ಲಿ ಕಾರ್ಡು ಉಜ್ಜಿದ ದಿನದಿಂದಲೇ ಬಡ್ಡಿ ಓಡುತ್ತದೆ. 957 ಇಳಿಸಿ 4,200 ಏರಿಸಿದರೆ ಬಾಕಿ ಏರದೆ ಏನಾಗುತ್ತದೆ?

ಇನ್ನೊಂದು ಸಾಲೂ ಇತ್ತು: ಪ್ರತಿ ತಿಂಗಳು 299 ರೂಪಾಯಿ, ಯಾವುದೋ ರಕ್ಷಣಾ ಯೋಜನೆಯ ಹೆಸರಿನಲ್ಲಿ. ತಾವು ಕೇಳಿಯೇ ಇಲ್ಲ ಎಂದರು ಮಾಷ್ಟ್ರು. ಯಾವಾಗಲೋ ಒಂದು ಫೋನಿಗೆ "ಹೌದು, ಹೌದು" ಎಂದದ್ದು ಅಕ್ಕನಿಗೆ ನೆನಪಿತ್ತು. ಅಂಥದ್ದನ್ನು ಅದೇ ದಿನ ಕಸ್ಟಮರ್ ಕೇರ್‌ಗೆ ಇ-ಮೇಲ್ ಬರೆದು ನಿಲ್ಲಿಸಿ. ನಿಮ್ಮ ಸ್ಪಷ್ಟ ಒಪ್ಪಿಗೆಯಿಲ್ಲದೆ ಹಾಕಿದ್ದಾದರೆ ಕಟ್ಟಿದ್ದನ್ನು ವಾಪಸ್ ಕೇಳಿ.

ಕಾರ್ಡಿನ ಬಾಯಿ ಕಟ್ಟಿ

ಬಾಕಿ ಇರುವ ಕಾರ್ಡನ್ನು ಪೂರ್ತಿ ರದ್ದು ಮಾಡಲು ಬ್ಯಾಂಕ್ ಒಪ್ಪುವುದಿಲ್ಲ, ಆದರೆ ಬಳಕೆಯನ್ನು ನಿಲ್ಲಿಸುವುದು ನಿಮ್ಮ ಕೈಯಲ್ಲಿದೆ. ಬ್ಯಾಂಕಿನ ಆ್ಯಪ್‌ನಲ್ಲಿ ಆನ್‌ಲೈನ್ ಖರೀದಿ, ಅಂಗಡಿಯ ಮಿಷಿನ್, ಟ್ಯಾಪ್, ವಿದೇಶಿ ವ್ಯವಹಾರ ಎಂದು ಬೇರೆ ಬೇರೆ ಸ್ವಿಚ್‌ಗಳಿರುತ್ತವೆ. ಎಲ್ಲವನ್ನೂ ಆಫ್ ಮಾಡಿ. ಆ್ಯಪ್ ಬಳಸಲು ಗೊತ್ತಿಲ್ಲದವರು ಕಸ್ಟಮರ್ ಕೇರ್‌ಗೆ ಹೇಳಿ ಮಾಡಿಸಬಹುದು. ರೂಪೇ ಕಾರ್ಡನ್ನು ಯುಪಿಐಗೆ ಜೋಡಿಸಿದ್ದರೆ ಅಲ್ಲಿಂದಲೂ ತೆಗೆಯಿರಿ. ಮೀನಿನ ಅಂಗಡಿಯಲ್ಲಿ ಸ್ಕ್ಯಾನ್ ಮಾಡುವಾಗ ಹಣ ಖಾತೆಯಿಂದ ಹೋಯಿತೋ ಕಾರ್ಡಿನಿಂದ ಹೋಯಿತೋ ಎಂದು ಅವಸರದಲ್ಲಿ ತಿಳಿಯುವುದಿಲ್ಲ.

ಇಲ್ಲಿ ಒಂದು ಎಚ್ಚರ ಬೇಕು. ಆರೋಗ್ಯ ವಿಮೆಯ ಕಂತು ಕಾರ್ಡಿನಿಂದ ತನ್ನಷ್ಟಕ್ಕೇ ಹೋಗುವ ಹಾಗೆ ಇಟ್ಟಿದ್ದರೆ, ಸ್ವಿಚ್ ಆಫ್ ಮಾಡುವ ಮೊದಲು ಅದನ್ನು ಉಳಿತಾಯ ಖಾತೆಗೆ ಬದಲಿಸಿ. ಅರವತ್ತು ದಾಟಿದವರ ವಿಮೆ ಒಮ್ಮೆ ತಪ್ಪಿಹೋದರೆ ಮತ್ತೆ ಸಿಗುವುದು ಕಷ್ಟ, ಹಳೆಯ ಕಾಯಿಲೆಗಳಿಗೆ ಕಾಯುವ ಅವಧಿ ಮತ್ತೆ ಮೊದಲಿಂದ ಶುರುವಾಗುತ್ತದೆ.

ಪಿಂಚಣಿಯನ್ನು ಪಾಲು ಮಾಡುವ ಕ್ರಮ

ಯಾರು ಜೋರಾಗಿ ಫೋನ್ ಮಾಡುತ್ತಾರೋ ಅವರಿಗೆ ಮೊದಲು ಕಟ್ಟುವುದು ನಮ್ಮವರ ಸ್ವಭಾವ. ಮರ್ಯಾದೆಗೆ ಅಂಜುವವರಲ್ಲಿ ಇದು ಇನ್ನೂ ಹೆಚ್ಚು. ಆದರೆ ಆದ್ಯತೆ ನಿಲ್ಲಬೇಕಾದದ್ದು ಒಂದೇ ಪ್ರಶ್ನೆಯ ಮೇಲೆ: ಇದನ್ನು ಈ ತಿಂಗಳು ಕಟ್ಟದಿದ್ದರೆ ನಾನು ಏನು ಕಳೆದುಕೊಳ್ಳುತ್ತೇನೆ?

ಊಟ, ಔಷಧಿ, ಕರೆಂಟು ಕಳೆದುಕೊಳ್ಳುವ ಹಾಗಿಲ್ಲ, ಅದು ಮೊದಲು. ಆರೋಗ್ಯ ವಿಮೆ ಎರಡನೆಯದು. ಅಡವಿಟ್ಟ ಚಿನ್ನ, ಮನೆ ಸಾಲದ ಕಂತು ಇದ್ದರೆ ಮೂರನೆಯದು, ಯಾಕೆಂದರೆ ಅಲ್ಲಿ ವಸ್ತುವೇ ಕೈಬಿಟ್ಟು ಹೋಗುತ್ತದೆ. ಕಾರ್ಡ್ ಬಾಕಿ ಅದರ ನಂತರ. ಅದಕ್ಕೆ ಅಡಮಾನವಿಲ್ಲ, ನಾಳೆ ಬೆಳಿಗ್ಗೆ ಯಾರೂ ಬಂದು ಮನೆಯಿಂದ ಏನನ್ನೂ ಎತ್ತಿಕೊಂಡು ಹೋಗಲಾರರು. ಬಡ್ಡಿ ಅತಿ ದುಬಾರಿಯಾದ್ದರಿಂದ, ಮೇಲಿನವು ಮುಗಿದ ಮೇಲೆ ಉಳಿದದ್ದೆಲ್ಲ ಅದಕ್ಕೇ ಹೋಗಬೇಕು.

ಮಾಷ್ಟ್ರ ಮನೆಯ ಲೆಕ್ಕವನ್ನು ಅಕ್ಕ ಬಾಯಲ್ಲೇ ಹೇಳಿದರು. ಅಕ್ಕಿ, ಹಾಲು, ಮೀನು, ತರಕಾರಿ ಎಲ್ಲ ಸೇರಿ 9,500. ಮೆಸ್ಕಾಂ ಬಿಲ್ಲು, ಗ್ಯಾಸು, ನೀರು 1,600. ಫೋನು, ಕೇಬಲ್ 800. ಬಸ್ಸು, ರಿಕ್ಷಾ 1,000. ಔಷಧಿ 4,200 ಇದ್ದದ್ದನ್ನು ಡಾಕ್ಟರಿಗೆ ತೋರಿಸಿ, ಅದೇ ಔಷಧಾಂಶದ ಮಾತ್ರೆಗಳನ್ನು ಜನೌಷಧಿ ಕೇಂದ್ರದಿಂದ ತರಲು ಶುರುಮಾಡಿದ ಮೇಲೆ 2,600ಕ್ಕೆ ಇಳಿಯಿತು. ಡಾಕ್ಟರು ಒಂದು ಮಾತ್ರೆಯನ್ನು ಬದಲಿಸಬೇಡಿ ಎಂದರು, ಅದನ್ನು ಹಾಗೆಯೇ ಬಿಟ್ಟರು.

ಹೆಚ್ಚಿನವರು ಎಡವುವುದು ಇದರ ನಂತರ. ವರ್ಷಕ್ಕೊಮ್ಮೆ ಬರುವ ಖರ್ಚನ್ನು ತಿಂಗಳ ಲೆಕ್ಕಕ್ಕೆ ಸೇರಿಸುವುದೇ ಇಲ್ಲ. ವಿಮೆಯ ಕಂತು ವರ್ಷಕ್ಕೆ 26,000ದ ಆಸುಪಾಸು, ಅಂದರೆ ತಿಂಗಳಿಗೆ 2,200 ತೆಗೆದಿಡಬೇಕು. ಮನೆ ತೆರಿಗೆ, ಸ್ಕೂಟರಿನ ವಿಮೆ, ಊರಿನ ನೇಮದ ವಂತಿಗೆ, ಮದುವೆಗಳ ಉಡುಗೊರೆಗೆ ಇನ್ನೊಂದು 1,500. ಮಾಷ್ಟ್ರು ಎರಡು ವರ್ಷದಲ್ಲಿ ಕಾರ್ಡು ಉಜ್ಜಿದ ದೊಡ್ಡ ಮೊತ್ತಗಳೆಲ್ಲ ಇವೇ ಆಗಿದ್ದವು.

ಒಟ್ಟು 19,200. ಕೈಯಲ್ಲಿ 1,000 ಮೀಸಲು. 27,400ರಲ್ಲಿ ಉಳಿದದ್ದು 7,200. ಅದು ಕಾರ್ಡಿನ ಪಾಲು. ಮೊದಲಿಗಿಂತ ಹೆಚ್ಚು ಕಟ್ಟಲು ಸಾಧ್ಯವಾದದ್ದಕ್ಕೆ ಮಾಷ್ಟ್ರಿಗೇ ಆಶ್ಚರ್ಯವಾಯಿತು.

ಕಟ್ಟುವ ತಾರೀಕನ್ನು ಪಿಂಚಣಿಯ ಹತ್ತಿರಕ್ಕೆ ತನ್ನಿ

ಮಾಷ್ಟ್ರಿಗೆ ಪಿಂಚಣಿ ಬರುವುದು ತಿಂಗಳ ಮೊದಲ ವಾರ. ಕಾರ್ಡಿನ ಗಡುವು 26. ನಡುವಿನ ಇಪ್ಪತ್ತು ದಿನದಲ್ಲಿ 7,200 ರೂಪಾಯಿ ಯಾವ ಮನೆಯಲ್ಲೂ ಮುಟ್ಟದೆ ಉಳಿಯುವುದಿಲ್ಲ. ಬಿಲ್ಲಿಂಗ್ ಚಕ್ರವನ್ನು ಕನಿಷ್ಠ ಒಮ್ಮೆಯಾದರೂ ಬದಲಿಸಿಕೊಳ್ಳುವ ಅವಕಾಶವನ್ನು ಗ್ರಾಹಕರಿಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಇದನ್ನು ಕೇಳುವವರೇ ಕಡಿಮೆ. ಕಸ್ಟಮರ್ ಕೇರ್‌ಗೆ ಹೇಳಿ ಗಡುವನ್ನು 9ನೇ ತಾರೀಕಿನ ಆಸುಪಾಸಿಗೆ ತಂದೆವು. ಗಡುವಿನವರೆಗೂ ಕಾಯಬೇಕಾಗಿಲ್ಲ. ಬಡ್ಡಿ ದಿನದ ಲೆಕ್ಕದಲ್ಲಿ ಓಡುವುದರಿಂದ ಪಿಂಚಣಿ ಬಂದ ದಿನವೇ ಕಟ್ಟಿದರೆ ಅಷ್ಟು ಉಳಿತಾಯ.

ಅಕಸ್ಮಾತ್ ಗಡುವು ತಪ್ಪಿದರೆ ಗಾಬರಿಯಾಗಬೇಡಿ. 3 ದಿನಕ್ಕಿಂತ ಹೆಚ್ಚು ತಡವಾದರೆ ಮಾತ್ರ ತಡಪಾವತಿ ಶುಲ್ಕ ಹಾಕಬಹುದು. ಆ 3 ದಿನದೊಳಗೆ ಮಿನಿಮಮ್ ಆದರೂ ಹೋಗಲಿ.

ಪಿಂಚಣಿ ಬರುವ ಖಾತೆ ಯಾವ ಬ್ಯಾಂಕಿನದು?

ಇದು ಸಣ್ಣ ವಿಷಯವೆಂದು ಕಾಣುತ್ತದೆ, ಸಣ್ಣದಲ್ಲ. ಕೋರ್ಟಿನ ಜಪ್ತಿಯಿಂದ ಸರ್ಕಾರ ಕೊಡುವ ಪಿಂಚಣಿಗೆ ಕಾನೂನಿನ ರಕ್ಷಣೆ ಇದೆ. 1871ರ ಪಿಂಚಣಿ ಕಾಯ್ದೆಯ 11ನೇ ಕಲಂ ಮತ್ತು ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಅದನ್ನು ಹೇಳುತ್ತವೆ. ಹಾಗಾಗಿ "ಪೆನ್ಶನ್ ಜಪ್ತಿ ಮಾಡಿಸುತ್ತೇವೆ" ಎಂದು ಯಾರಾದರೂ ಫೋನಿನಲ್ಲಿ ಹೇಳಿದರೆ ಹೆದರಬೇಕಾಗಿಲ್ಲ.

ಆದರೆ ನೀವೇ ಸಹಿ ಮಾಡಿಕೊಟ್ಟ ಆಟೋ ಡೆಬಿಟ್ ಜಪ್ತಿಯಲ್ಲ. ಒಟ್ಟು ಬಾಕಿಯನ್ನು ಖಾತೆಯಿಂದ ಎಳೆದುಕೊಳ್ಳಲು ಅನುಮತಿ ಕೊಟ್ಟಿದ್ದರೆ ಗಡುವಿನ ದಿನ ಅಕ್ಕಿಯ ಹಣವೂ ಹೋಗುತ್ತದೆ. ಕಾರ್ಡು ಮತ್ತು ಖಾತೆ ಒಂದೇ ಬ್ಯಾಂಕಿನದಾದರೆ, ಬಾಕಿಗೆ ಖಾತೆಯ ಹಣವನ್ನು ಹೊಂದಿಸಿಕೊಳ್ಳುವ ಷರತ್ತು ಕಾರ್ಡಿನ ಒಪ್ಪಂದದಲ್ಲಿ ಸಾಮಾನ್ಯವಾಗಿ ಇರುತ್ತದೆ. ಅದು ಪಿಂಚಣಿಗೆ ಅನ್ವಯಿಸುತ್ತದೋ ಇಲ್ಲವೋ ಎಂದು ಆಮೇಲೆ ವಾದ ಮಾಡಬಹುದು, ಆ ತಿಂಗಳ ಊಟಕ್ಕೆ ಮಾತ್ರ ಆ ವಾದ ಉಪಯೋಗಕ್ಕೆ ಬಾರದು. ಆಟೋ ಡೆಬಿಟ್ ತೆಗೆಸಿ, ಕೈಯಾರೆ ಕಟ್ಟಿ. ಬಾಕಿ ಕೈಮೀರಿದೆ ಅನಿಸಿದರೆ ಪಿಂಚಣಿಯನ್ನೂ ಠೇವಣಿಯನ್ನೂ ಕಾರ್ಡಿಲ್ಲದ ಬೇರೊಂದು ಬ್ಯಾಂಕಿಗೆ ವರ್ಗಾಯಿಸಿಕೊಳ್ಳಿ.

ಹೊಸ ಸಾಲವಲ್ಲ, ಹಳೆಯ ಠೇವಣಿ

ಈಗ ಮುಖ್ಯ ನಿರ್ಧಾರ. ತಿಂಗಳಿಗೆ 7,200ರಂತೆ 1,10,000 ತೀರಿಸಲು ಎಷ್ಟು ಕಾಲ ಬೇಕು? ಗಣಿತದ ಮಾಷ್ಟ್ರೇ ಕೂತು ಲೆಕ್ಕ ಹಾಕಿದರು: ಸುಮಾರು 25 ತಿಂಗಳು. ಅಷ್ಟರಲ್ಲಿ ಒಟ್ಟು ಕಟ್ಟುವುದು 1,77,000ದಷ್ಟು.

ಅವರಿಗೆ ಎರಡು ಫೋನು ಬಂದಿದ್ದವು. ಒಂದು ಪಿಂಚಣಿದಾರರ ಸಾಲ, "ಕಾರ್ಡಿನ ಬಡ್ಡಿಯ ಕಾಲು ಭಾಗ ಸಾರ್, ಇವತ್ತೇ ಖಾತೆಗೆ." ಇನ್ನೊಂದು, ಅಕ್ಕನ ಚಿನ್ನದ ಮೇಲೆ ಸಾಲ. ಬಡ್ಡಿಯ ದರವನ್ನಷ್ಟೇ ನೋಡಿದರೆ ಇವು ಅಗ್ಗವೇ ಹೌದು. ಆದರೂ ನಾನು ಬೇಡ ಎಂದೆ, ಯಾಕೆ ಎಂಬುದನ್ನೂ ಹೇಳಿದೆ. ಪಿಂಚಣಿ ಸಾಲದ ಕಂತು ನಾಲ್ಕೈದು ವರ್ಷ ಪಿಂಚಣಿ ಬೀಳುವ ಖಾತೆಯಿಂದಲೇ, ಊಟ ಔಷಧಿಗಿಂತ ಮೊದಲು ಕಡಿತವಾಗುತ್ತದೆ. ಅಂದರೆ ಕೊನೆಯಲ್ಲಿ ನಿಲ್ಲಬೇಕಾದ ಸಾಲ ಎದ್ದು ಬಂದು ಮೊದಲ ಸಾಲಿನಲ್ಲಿ ಕೂರುತ್ತದೆ. ಚಿನ್ನದ ಸಾಲದಲ್ಲಿ, ಅಡಮಾನವಿಲ್ಲದ ಬಾಕಿಗೆ ಅಕ್ಕನ ಬಳೆಯನ್ನು ನಾವಾಗಿಯೇ ಅಡವಿಟ್ಟ ಹಾಗಾಗುತ್ತದೆ. ಇನ್ನೊಂದು ಕಾರಣ ಕೌಂಟರಿನಲ್ಲಿ ಕೂತು ನಾನೇ ಕಂಡದ್ದು. ಸಾಲ ತೆಗೆದು ಕಾರ್ಡು ಖಾಲಿ ಮಾಡಿದವರ ಕಾರ್ಡಿನಲ್ಲಿ ಪೂರ್ತಿ ಮಿತಿ ಮತ್ತೆ ತೆರೆದಿರುತ್ತದೆ, ವರ್ಷ ಕಳೆಯುವುದರೊಳಗೆ ಅವರಲ್ಲಿ ಹಲವರು ಎರಡೂ ಬಾಕಿ ಹೊತ್ತು ಮರಳಿ ಬರುತ್ತಿದ್ದರು.

"ನಿಮ್ಮಲ್ಲಿ ಎಫ್‌ಡಿ ಏನಾದರೂ ಉಂಟಾ?" ಎಂದು ಕೇಳಿದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಒಂದು ಲಕ್ಷದ ಎಫ್‌ಡಿ ಇತ್ತು. "ಅದು ಆಪತ್ತಿಗೆ ಇಟ್ಟದ್ದು, ಅದನ್ನು ಮುಟ್ಟುವುದಿಲ್ಲ," ಎಂದರು ಅಕ್ಕ. ಅವರ ಭಯ ನನಗೆ ಅರ್ಥವಾಗುತ್ತದೆ. ಆದರೆ ಎಫ್‌ಡಿ ವರ್ಷಕ್ಕೆ ಶೇ. 7 ತರುತ್ತಿತ್ತು, ಕಾರ್ಡು ಶೇ. 42 ಮತ್ತು ಜಿಎಸ್‌ಟಿ ಒಯ್ಯುತ್ತಿತ್ತು. 60,000 ರೂಪಾಯಿ ಎಫ್‌ಡಿಯಲ್ಲಿ ಕೂತು ತಿಂಗಳಿಗೆ 350 ದುಡಿಯುವಾಗ, ಅಷ್ಟೇ ಕಾರ್ಡ್ ಬಾಕಿ ತಿಂಗಳಿಗೆ 2,478 ತಿನ್ನುತ್ತಿತ್ತು.

ಕೊನೆಗೆ ನಿರ್ಧರಿಸಿದ್ದು ಹೀಗೆ: 60,000 ಕಾರ್ಡಿಗೆ, 40,000 ಆಪತ್ತಿಗೆ ಹಾಗೆಯೇ. ಅವಧಿಗೆ ಮೊದಲು ಮುರಿಸಿದ್ದಕ್ಕೆ ಬಡ್ಡಿಯಲ್ಲಿ ಸ್ವಲ್ಪ ಕಡಿತವಾಯಿತು, ಅದನ್ನು ಲೆಕ್ಕಕ್ಕೆ ಹಿಡಿಯಬೇಕಾದಷ್ಟು ದೊಡ್ಡದಲ್ಲ. ಪೂರ್ತಿ ಲಕ್ಷವನ್ನೂ ಹಾಕಿ ಎಂದು ನಾನು ಹೇಳಲಿಲ್ಲ. ಕೈ ಪೂರ್ತಿ ಖಾಲಿಯಾದರೆ ಮೊದಲ ಆಸ್ಪತ್ರೆ ಖರ್ಚೇ ಮತ್ತೆ ಕಾರ್ಡಿಗೆ ಅಟ್ಟುತ್ತದೆ.

60,000ವನ್ನು ಎರಡು ಕಾರ್ಡಿಗೂ ಹಂಚಬೇಡಿ. ಬಡ್ಡಿ ದರ ಬೇರೆ ಬೇರೆ ಇದ್ದರೆ ಹೆಚ್ಚಿನ ದರದ್ದನ್ನು ಮೊದಲು ತೀರಿಸಿ. ಇಲ್ಲಿ ಎರಡಕ್ಕೂ ಒಂದೇ ದರ, ಆದ್ದರಿಂದ ಸಣ್ಣ ಕಾರ್ಡಿನ 38,000ವನ್ನು ಒಂದೇ ಸಲ ಕಟ್ಟಿ ಮುಚ್ಚಿದೆವು. ಒಂದು ಗಡುವು, ಒಂದು ವಾರ್ಷಿಕ ಶುಲ್ಕ, ಒಂದು ಕಡೆಯ ಫೋನುಗಳು ಕಡಿಮೆಯಾದವು. ಉಳಿದ 22,000 ದೊಡ್ಡ ಕಾರ್ಡಿಗೆ ಹೋಗಿ ಅದರ ಬಾಕಿ 50,000ಕ್ಕೆ ಇಳಿಯಿತು.

ಪೂರ್ತಿ ಕಟ್ಟುವಾಗ ಒಂದು ಮಾತು ನೆನಪಿಡಿ. ಸ್ಟೇಟ್‌ಮೆಂಟಿನಲ್ಲಿ ಬರೆದಷ್ಟು ಕಟ್ಟಿದರೂ ಸ್ಟೇಟ್‌ಮೆಂಟ್ ದಿನದಿಂದ ನೀವು ಕಟ್ಟಿದ ದಿನದವರೆಗಿನ ಬಡ್ಡಿ ಮುಂದಿನ ತಿಂಗಳು ಬರುತ್ತದೆ. ಮಾಷ್ಟ್ರಿಗೆ ಹೀಗೆ 600 ರೂಪಾಯಿಯ ಹತ್ತಿರ ಬಂತು. ಮುಗಿಯಿತೆಂದು ಅದನ್ನು ಕಡೆಗಣಿಸಿದರೆ ತಡ ಶುಲ್ಕ ಸೇರಿ ಮತ್ತೆ ಬಾಕಿ ಬೆಳೆಯುತ್ತದೆ. "ಇವತ್ತಿಗೆ ಪೂರ್ತಿ ಮುಚ್ಚಲು ಎಷ್ಟು?" ಎಂದು ಕೇಳಿ ಕಟ್ಟಿ, ಮುಂದಿನ ಸ್ಟೇಟ್‌ಮೆಂಟ್ ಸೊನ್ನೆ ತೋರಿಸುವವರೆಗೆ ನೋಡಿ.

ಮುಂದಿನ ಒಂಬತ್ತು ತಿಂಗಳು

50,000 ಬಾಕಿಗೆ ಮೊದಲ ತಿಂಗಳ ಬಡ್ಡಿ, ಜಿಎಸ್‌ಟಿ ಸೇರಿ 2,065. 7,200 ಕಟ್ಟಿದರೆ ಬಾಕಿ 44,865. ಎರಡನೇ ತಿಂಗಳು ಬಡ್ಡಿ 1,853, ಬಾಕಿ 39,518. ಅಕ್ಕ ಈ ಅಂಕಿಗಳನ್ನು ಕ್ಯಾಲೆಂಡರಿನ ಹಿಂದೆ ಬರೆದಿಟ್ಟರು. ನೀವು ಪ್ರತಿ ತಿಂಗಳು ನೋಡಬೇಕಾದ ಸಾಲು ಬಡ್ಡಿಯದ್ದು. ಅದು ತಿಂಗಳು ತಿಂಗಳು ಇಳಿಯುತ್ತಿರಬೇಕು. ಇಳಿಯದಿದ್ದರೆ ಎಲ್ಲೋ ಹೊಸ ಖರೀದಿಯೋ ಶುಲ್ಕವೋ ಒಳಗೆ ಬಂದಿದೆ ಎಂದರ್ಥ, ಅದೇ ವಾರ ಹುಡುಕಿ.

ಮೂರನೇ ತಿಂಗಳು ಬಾವಿಯ ಪಂಪು ಕೆಟ್ಟಿತು. ರಿಪೇರಿಗೆ 4,600. ಮಾಷ್ಟ್ರು ಫೋನ್ ಮಾಡಿ, "ಈ ಒಂದು ಸಲ ಕಾರ್ಡು ಆನ್ ಮಾಡಲಾ?" ಎಂದು ಕೇಳಿದರು. ಬೇಡ, ತಿಂಗಳಿಗೆ ಸಾವಿರದಂತೆ ಮೀಸಲಿಟ್ಟ 3,000 ತೆಗೆಯಿರಿ, ಉಳಿದ 1,600ನ್ನು ಈ ತಿಂಗಳ ಕಾರ್ಡಿನ ಪಾಲಿನಿಂದ ಕಡಿಮೆ ಮಾಡಿ, 5,600 ಕಟ್ಟಿ ಎಂದೆ. ಆ ತಿಂಗಳ ಮಿನಿಮಮ್ ಎರಡು ಸಾವಿರದೊಳಗಿತ್ತು, ಹಾಗಾಗಿ ತೊಂದರೆಯೇನೂ ಆಗಲಿಲ್ಲ. ಕೊನೆಯ ಕಂತು 2,567 ಇರಬೇಕಾದದ್ದು 4,600ರಷ್ಟಾಯಿತು, ತಿಂಗಳು ಒಂಬತ್ತನ್ನು ದಾಟಲಿಲ್ಲ. ಎಫ್‌ಡಿಯ 60,000 ಸೇರಿ ಅವರು ಕಟ್ಟಿದ್ದು 1,21,000ದ ಆಸುಪಾಸು. ಎಫ್‌ಡಿ ಮುಟ್ಟದೆ ತಿಂಗಳಿಗೆ 7,200 ಮಾತ್ರ ಕಟ್ಟುತ್ತ ಹೋಗಿದ್ದರೆ ಇನ್ನೂ 56,000ದಷ್ಟು ಹೆಚ್ಚು ಹೋಗುತ್ತಿತ್ತು.

ಎಫ್‌ಡಿ ಇಲ್ಲದವರು

ಎಲ್ಲರ ಹತ್ತಿರ ಮುರಿಸಲು ಎಫ್‌ಡಿ ಇರುವುದಿಲ್ಲ. ಆಗ ಒಂದು ಪರೀಕ್ಷೆ ಮಾಡಿ: ಒಟ್ಟು ಬಾಕಿಯ ಶೇ. 4.13 ಎಷ್ಟು, ತಿಂಗಳಿಗೆ ನಿಮ್ಮ ಕೈಯಲ್ಲಿ ನಿಜವಾಗಿ ಉಳಿಯುವುದು ಎಷ್ಟು? ಉಳಿಯುವುದು ಹೆಚ್ಚಿದ್ದರೆ ನಿಧಾನವಾಗಿಯಾದರೂ ಬಾಕಿ ಕರಗುತ್ತದೆ. ಕಡಿಮೆಯಿದ್ದರೆ ಎಷ್ಟು ವರ್ಷ ಕಟ್ಟಿದರೂ ಕರಗುವುದಿಲ್ಲ, ಬ್ಯಾಂಕಿನ ಜೊತೆ ಮಾತಾಡಲೇಬೇಕು.

ಮಾತಾಡುವುದೆಂದರೆ ಬರೆಯುವುದು. ಪಿಂಚಣಿಯ ಸ್ಲಿಪ್ಪು, ಮನೆಯ ಖರ್ಚಿನ ಒಂದು ಪುಟ, ವೈದ್ಯಕೀಯ ಬಿಲ್ಲುಗಳನ್ನು ಲಗತ್ತಿಸಿ, "ನನ್ನ ಏಕೈಕ ಆದಾಯ ಪಿಂಚಣಿ. ತಿಂಗಳಿಗೆ ಇಷ್ಟು ಮಾತ್ರ ಕಟ್ಟಬಲ್ಲೆ. ಕಾರ್ಡನ್ನು ಬ್ಲಾಕ್ ಮಾಡಿ, ಬಾಕಿಯನ್ನು ಕಡಿಮೆ ಬಡ್ಡಿಯ ಕಂತುಗಳಾಗಿ ಬದಲಿಸಿಕೊಡಿ" ಎಂದು ಕೇಳಿ. ಇದನ್ನು ನಾನು ಹೊಸ ಸಾಲವೆಂದು ಎಣಿಸುವುದಿಲ್ಲ, ಕಾರ್ಡು ಬ್ಲಾಕ್ ಆಗಿದ್ದರೆ ಮಾತ್ರ. ಪ್ರೊಸೆಸಿಂಗ್ ಶುಲ್ಕ ಎಷ್ಟು, ಒಟ್ಟು ಕಟ್ಟುವುದು ಎಷ್ಟು ಎಂದು ಬರಹದಲ್ಲಿ ತರಿಸಿಕೊಂಡ ಮೇಲೆಯೇ ಒಪ್ಪಿ.

ಅದೂ ಆಗದವರಿಗೆ ಸೆಟ್ಲ್‌ಮೆಂಟ್ ಉಂಟು, ಬಾಕಿಯ ಒಂದು ಭಾಗ ಬಿಟ್ಟು ಉಳಿದದ್ದನ್ನು ಕಟ್ಟಿ ಮುಗಿಸುವುದು. ಸಿಬಿಲ್ ವರದಿಯಲ್ಲಿ "ಸೆಟ್ಲ್ಡ್" ಎಂದು ದಾಖಲಾಗುತ್ತದೆ, ಮುಂದೆ ಸಾಲ ಸಿಗುವುದು ಕಷ್ಟ. ಎಪ್ಪತ್ತರ ಹತ್ತಿರ, ಇನ್ನು ಸಾಲ ಬೇಡ ಎಂದು ತೀರ್ಮಾನಿಸಿದವರಿಗೆ ಆ ನಷ್ಟ ಅಷ್ಟು ದೊಡ್ಡದಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಬ್ಯಾಂಕಿನ ಲೆಟರ್‌ಹೆಡ್‌ನಲ್ಲಿ ಪತ್ರ ಕೈಗೆ ಬರುವ ಮೊದಲು ಒಂದು ರೂಪಾಯಿಯನ್ನೂ ಕಟ್ಟಬೇಡಿ. ಕಟ್ಟುವುದು ಕಾರ್ಡಿನ ಖಾತೆಗೆ ಮಾತ್ರ, ಏಜೆಂಟನ ಯುಪಿಐಗೆ ಅಲ್ಲ. ಮುಂದಿನ ದಿನಾಂಕದ ಚೆಕ್ಕುಗಳನ್ನು ಕೇಳಿದರೆ ಕೊಡಬೇಡಿ. ಕಾರ್ಡ್ ಬಾಕಿ ಸಿವಿಲ್ ವಿಷಯ, ಬಾಕಿ ಇದೆ ಎಂಬ ಕಾರಣಕ್ಕೆ ಪೊಲೀಸರು ಬಂಧಿಸುವುದಿಲ್ಲ. ಆದರೆ ಕೊಟ್ಟ ಚೆಕ್ಕು ಬೌನ್ಸ್ ಆದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಪ್ರಕಾರ ಅದು ಕ್ರಿಮಿನಲ್ ಕೇಸು. ಖಾತೆಯಿಂದ ಕಂತು ಎಳೆಯಲು ಕೊಟ್ಟ ಮ್ಯಾಂಡೇಟ್ ಬೌನ್ಸ್ ಆದರೂ 2007ರ ಪೇಮೆಂಟ್ ಆ್ಯಂಡ್ ಸೆಟ್ಲ್‌ಮೆಂಟ್ ಸಿಸ್ಟಮ್ಸ್ ಕಾಯ್ದೆಯಲ್ಲಿ ಅಂಥದ್ದೇ ಕಲಂ ಇದೆ.

ಫೋನುಗಳು, ನೋಟಿಸುಗಳು

ವಸೂಲಿ ಏಜೆಂಟರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ಬೆದರಿಸುವಂತಿಲ್ಲ, ನೆರೆಮನೆಯವರ, ನೆಂಟರ ಮುಂದೆ ಮಾನ ಕಳೆಯುವಂತಿಲ್ಲ. ಮಾಷ್ಟ್ರಿಗೆ ರಾತ್ರಿ ಒಂಬತ್ತಕ್ಕೆ ಬಂದ ಫೋನಿನ ನಂಬರು, ಸಮಯ, ಹೇಳಿದ ಮಾತು ಎಲ್ಲವನ್ನೂ ಅಕ್ಕ ಬರೆದಿಟ್ಟಿದ್ದರು. ಅದನ್ನೇ ಬ್ಯಾಂಕಿನ ದೂರು ವಿಭಾಗಕ್ಕೆ ಇ-ಮೇಲ್ ಮಾಡಿದ ಮೇಲೆ ರಾತ್ರಿಯ ಫೋನು ನಿಂತಿತು. 30 ದಿನದಲ್ಲಿ ಬ್ಯಾಂಕಿನಿಂದ ಉತ್ತರ ಬರದಿದ್ದರೆ ಅಥವಾ ಉತ್ತರ ಸರಿಯಿಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ cms.rbi.org.in ನಲ್ಲಿ ಉಚಿತವಾಗಿ ದೂರು ಕೊಡಬಹುದು. ವಿಚಾರಿಸಲು 14448.

ಲೋಕ್ ಅದಾಲತ್ ನೋಟಿಸ್ ಬಂದರೆ ಅದು ವಾರಂಟ್ ಅಲ್ಲ, ರಾಜಿಗೆ ಕರೆ. ನಿಜವಾದದ್ದೋ ಎಂದು ಉಡುಪಿ ಅಥವಾ ಮಂಗಳೂರಿನ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಕೇಳಿ, ಅಥವಾ 15100ಕ್ಕೆ ಫೋನ್ ಮಾಡಿ. ನಿಜವಾದರೆ ಹೋಗಿ, ಪಿಂಚಣಿಯ ಲೆಕ್ಕದ ಪುಟವನ್ನು ತೆಗೆದುಕೊಂಡು ಹೋಗಿ. ಅಲ್ಲಿ ಒಪ್ಪಿ ಸಹಿ ಮಾಡಿದ ತೀರ್ಪಿನ ಮೇಲೆ ಅಪೀಲು ಇಲ್ಲ, ಹಾಗಾಗಿ ಕಟ್ಟಲಾಗದ ಮೊತ್ತಕ್ಕೆ ಒಪ್ಪಬೇಡಿ.

ಆ ಮಧ್ಯಾಹ್ನ ಅಕ್ಕ ಹೊರಡುವ ಮೊದಲು ಒಂದು ಪ್ರಶ್ನೆ ಕೇಳಿದ್ದರು, ಬಹಳ ದಿನದಿಂದ ಮನಸ್ಸಿನಲ್ಲಿ ಇಟ್ಟುಕೊಂಡದ್ದು ಎಂದು ಮುಖದಲ್ಲೇ ಕಾಣುತ್ತಿತ್ತು. "ಇವರಿಗೇನಾದರೂ ಹೆಚ್ಚುಕಮ್ಮಿ ಆದರೆ, ನನಗೆ ಬರುವ ಫ್ಯಾಮಿಲಿ ಪೆನ್ಶನ್‌ಗೆ ಕೈಹಾಕುತ್ತಾರಾ?" ಇಲ್ಲ. ಕಾರ್ಡ್ ಬಾಕಿಗೆ ಹೆಂಡತಿ ಜಾಮೀನುದಾರಳಲ್ಲ. ಗಂಡ ಬಿಟ್ಟುಹೋದ ಆಸ್ತಿ ಎಷ್ಟಿದೆಯೋ ಅಷ್ಟರ ಮಟ್ಟಿಗೆ ಮಾತ್ರ ಬ್ಯಾಂಕ್ ಕೇಳಬಹುದು. ಫ್ಯಾಮಿಲಿ ಪೆನ್ಶನ್ ಗಂಡನ ಆಸ್ತಿಯಲ್ಲ, ಅದು ಅವಳದ್ದೇ ಹಕ್ಕು.

ಮುಚ್ಚುವ ಕೆಲಸ

ಒಂಬತ್ತನೇ ತಿಂಗಳು ಬಾಕಿ ಸೊನ್ನೆಯಾದ ಮೇಲೆ ಮಾಷ್ಟ್ರು ದೊಡ್ಡ ಕಾರ್ಡನ್ನೂ ರದ್ದು ಮಾಡಲು ಬರೆದರು. ಬಾಕಿ ಇಲ್ಲದಿದ್ದರೆ ಬ್ಯಾಂಕ್ 7 ಕೆಲಸದ ದಿನಗಳಲ್ಲಿ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿಯಂತೆ ಗ್ರಾಹಕರಿಗೆ ಕೊಡಬೇಕು. ಬಾಕಿ ಇಲ್ಲವೆಂಬ ಪತ್ರವನ್ನು ಕೇಳಿ ಪಡೆಯಿರಿ, ಪಿಂಚಣಿ ಆದೇಶವಿಟ್ಟ ಫೈಲಿನಲ್ಲೇ ಇಡಿ. ಎರಡು ತಿಂಗಳು ಬಿಟ್ಟು ಕ್ರೆಡಿಟ್ ವರದಿ ತೆಗೆಸಿ, ವರ್ಷಕ್ಕೊಂದು ಪೂರ್ಣ ವರದಿ ಉಚಿತ. ಎರಡೂ ಕಾರ್ಡಿನ ಎದುರು "ಕ್ಲೋಸ್ಡ್" ಎಂದಿರಬೇಕು. ಮಾಷ್ಟ್ರ ವರದಿಯಲ್ಲಿ ಸಣ್ಣ ಕಾರ್ಡು ಇನ್ನೂ ತೆರೆದೇ ಇದೆ ಎಂದು ಕಾಣಿಸಿತು. ಪತ್ರದ ಪ್ರತಿ ಲಗತ್ತಿಸಿ ತಿದ್ದುಪಡಿ ಕೇಳಿದೆವು, ಸರಿಯಾಯಿತು.

ಹತ್ತನೇ ತಿಂಗಳಿಂದ ಅದೇ 7,200 ಅದೇ ದಿನ ಖಾತೆಯಿಂದ ಹೊರಡುತ್ತಿದೆ, ಈಗ ಒಂದು ಆರ್‌ಡಿಗೆ. ಮುರಿಸಿದ 60,000 ಒಂಬತ್ತು ತಿಂಗಳಲ್ಲಿ ಮತ್ತೆ ಕೂಡುತ್ತದೆ ಎಂದು ಅಕ್ಕ ಹೊಸ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದಾರೆ.